ಪವರ್ ಆಗುತ್ತೆ, ಮಿಕ್ಕಿದ್ದು ಆಗಲ್ಲ: ಬದಲಿ ವಾಯ್ಸ್ ರಿಮೋಟ್ ಮತ್ತು ಅರ್ಧಕ್ಕೆ ಮುರಿದ ಪೇರಿಂಗ್

ಅಂತೂ ಬದಲಿ ರಿಮೋಟ್ ದಾರಿಗೆ ಬಂತು. ಬಾಣದ ಗುಂಡಿಗಳು, ಹೋಮ್, ಬ್ಯಾಕ್, ಮೈಕ್ ಎಲ್ಲವೂ ಕೆಲಸ ಮಾಡುತ್ತಿವೆ. ಮೊದಲ ಸಲ ಪೇರ್ ಮಾಡಿದ ಕಥೆ ಹೇಳುವುದಿಲ್ಲ, ಅದು ನಿಮಗೆಲ್ಲ ಗೊತ್ತಿರುವುದೇ. ಆಂಡ್ರಾಯ್ಡ್ ಟಿವಿ, ಹಳೆಯ ರಿಮೋಟಿನ ಗುಂಡಿಗಳು ಸವೆದಿದ್ದವು, ಹೊಸದು ತರಿಸಿದೆ, ಸೇರಿಸಿದೆ, ಓಡಿತು. ತಲೆ ತಿಂದದ್ದು ಅದರ ನಂತರದ್ದು.

ಚೆನ್ನಾಗಿ ಓಡುತ್ತಿದ್ದ ರಿಮೋಟ್ ಒಂದು ಸಂಜೆ ಇದ್ದಕ್ಕಿದ್ದಂತೆ ಅರ್ಧ ಸತ್ತಿತು. ಪವರ್ ಒತ್ತಿದರೆ ಟಿವಿ ಆನ್ ಆಗುತ್ತೆ, ವಾಲ್ಯೂಮ್ ಏರುತ್ತೆ, ಇಳಿಯುತ್ತೆ. ಬಾಣದ ಗುಂಡಿ ಒತ್ತಿದರೆ ಪರದೆ ಕದಲುವುದಿಲ್ಲ, ಮೈಕ್ ಗುಂಡಿಗೆ ಉತ್ತರವೇ ಇಲ್ಲ. ಮಾರಿದವರಿಗೆ ಬರೆದೆ. "ಪವರ್ ಆನ್ ಆಗುತ್ತಲ್ಲ ಸಾರ್, ಅಂದ್ರೆ ರಿಮೋಟ್ ಸರಿಯಾಗಿಯೇ ಇದೆ, ಟಿವಿ ಚೆಕ್ ಮಾಡಿಸಿ" ಎಂದು ಉತ್ತರ ಬಂತು. ಈ ಮಾತು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತೆ, ಏಕೆಂದರೆ ಪವರ್ ಆನ್ ಆಗುವುದರಿಂದ ಬ್ಲೂಟೂತ್ ಬಗ್ಗೆ ಏನೂ ತಿಳಿಯುವುದಿಲ್ಲ.

ಇಂಥ ರಿಮೋಟಿನಲ್ಲಿ ಎರಡು ದಾರಿ ಇರುತ್ತವೆ. ಪವರ್, ವಾಲ್ಯೂಮ್, ಹಲವು ಮಾಡೆಲ್‌ಗಳಲ್ಲಿ ಇನ್‌ಪುಟ್ ಗುಂಡಿ ಕೂಡ ಮೂತಿಯಲ್ಲಿರುವ ಇನ್‌ಫ್ರಾರೆಡ್ ಎಲ್‌ಇಡಿಯಿಂದ ಹೋಗುತ್ತವೆ. ಅದಕ್ಕೆ ಪೇರಿಂಗ್ ಬೇಕಿಲ್ಲ, ಕೋಡ್ ಹೊಂದಿದರೆ ಸಾಕು. ಉಳಿದ ಗುಂಡಿಗಳೂ ಧ್ವನಿಯೂ ಬ್ಲೂಟೂತ್ ಲೋ ಎನರ್ಜಿಯಲ್ಲಿ ಹೋಗುತ್ತವೆ. ಯಾವ ಗುಂಡಿ ಯಾವ ದಾರಿಯದು ಎಂದು ನೋಡಲು ಫೋನಿನ ಸೆಲ್ಫಿ ಕ್ಯಾಮೆರಾ ಮುಂದೆ ರಿಮೋಟ್ ಹಿಡಿದು ಒಂದೊಂದೇ ಗುಂಡಿ ಒತ್ತಿ. ಮೂತಿ ನೇರಳೆ ಬಣ್ಣಕ್ಕೆ ಮಿನುಗಿದರೆ ಇನ್‌ಫ್ರಾರೆಡ್. ನನ್ನದರಲ್ಲಿ ಪವರ್ ಮತ್ತು ವಾಲ್ಯೂಮ್ ಮಾತ್ರ ಮಿನುಗಿದವು. ಹಾಗಾಗಿ ತೊಂದರೆ ಪೂರ್ತಿ ಬ್ಲೂಟೂತ್ ಕಡೆಯದು.

ಮುಂದಿನ ಹೆಜ್ಜೆಗೆ ಫೋನಿನಲ್ಲಿ ಸುತ್ತಲಿನ ಬ್ಲೂಟೂತ್ ಸಾಧನಗಳನ್ನು ತೋರಿಸುವ nRF Connect ಆಪ್ ತೆರೆದು ಸ್ಕ್ಯಾನ್ ಹಾಕಿದೆ. ಗುಂಡಿ ಒತ್ತುತ್ತಿದ್ದಂತೆ ರಿಮೋಟಿನ ಹೆಸರು ಪಟ್ಟಿಯಲ್ಲಿ ಎದ್ದಿತು, ಕೆಲವು ಕ್ಷಣ ಇದ್ದು ಮಾಯವಾಯಿತು, ಮತ್ತೆ ಬಂತು. ಅಂದರೆ ರೇಡಿಯೋ ಸತ್ತಿಲ್ಲ, ಅದು "ನಾನಿಲ್ಲಿದ್ದೇನೆ" ಎಂದು ಎಲ್ಲರಿಗೂ ಕೂಗುತ್ತಿದೆ. ಆದರೆ ಟಿವಿಯ Add accessory ಪರದೆಯಲ್ಲಿ ಅದರ ಹೆಸರೇ ಇಲ್ಲ. ಜೋಡಿಸಿದ ಸಾಧನಗಳ ಪಟ್ಟಿಯಲ್ಲಿ ಮಾತ್ರ ಅದೇ ಹೆಸರು ಹಾಗೇ ಕೂತಿದೆ. ಫೋನಿಗೆ ಕಾಣುತ್ತೆ, ಟಿವಿಗೆ ಹೊಸದಾಗಿ ಕಾಣುವುದಿಲ್ಲ. ಇಲ್ಲಿ ಬಹಳ ಹೊತ್ತು ಸಿಕ್ಕಿಕೊಂಡೆ.

ಕೊನೆಗೆ ಟಿವಿಯ ಡೆವಲಪರ್ ಆಯ್ಕೆಗಳಲ್ಲಿ ಬ್ಲೂಟೂತ್ HCI ಲಾಗ್ ಆನ್ ಮಾಡಿ, ಬ್ಲೂಟೂತ್ ಒಮ್ಮೆ ಆಫ್ ಮಾಡಿ ಆನ್ ಮಾಡಿ, ರಿಮೋಟಿನ ಗುಂಡಿಗಳನ್ನು ಸ್ವಲ್ಪ ಹೊತ್ತು ಒತ್ತಿ, `adb bugreport` ತೆಗೆದೆ. ಅದರೊಳಗಿನ ಲಾಗ್ ಫೈಲನ್ನು ವೈರ್‌ಶಾರ್ಕ್‌ನಲ್ಲಿ ತೆರೆದು ಮೊದಲು `btsmp` ಎಂದು ಫಿಲ್ಟರ್ ಹಾಕಿದೆ. ಪೇರಿಂಗ್ ಮಾತುಕತೆ ನಡೆದಿದ್ದರೆ ಅಲ್ಲಿ ಪೇರಿಂಗ್ ವಿನಂತಿ, ಅದಕ್ಕೆ ಉತ್ತರ, ಕೀ ಹಂಚಿಕೆ ಎಲ್ಲ ಸಾಲಾಗಿ ಕಾಣಬೇಕು. ಒಂದು ಸಾಲೂ ಇರಲಿಲ್ಲ! ಪೇರಿಂಗ್ ವಿಫಲವಾಗುತ್ತಿದೆ ಎಂದು ನಾವೆಲ್ಲ ಹೇಳುತ್ತಿದ್ದೆವು, ಇಲ್ಲಿ ಪೇರಿಂಗ್ ಶುರುವೇ ಆಗಿಲ್ಲ.

ಫಿಲ್ಟರ್ ತೆಗೆದರೆ ಒಂದೇ ವರಸೆ ಮತ್ತೆ ಮತ್ತೆ. ಟಿವಿ ರಿಮೋಟಿನ ಜೊತೆ ಸಂಪರ್ಕ ಮಾಡುತ್ತೆ. ತಕ್ಷಣ ಎನ್‌ಕ್ರಿಪ್ಶನ್ ಶುರು ಮಾಡು ಎನ್ನುತ್ತೆ. Encryption Change ಎಂಬ ಉತ್ತರ ಬರುತ್ತೆ, ಅದರ ಸ್ಥಿತಿ PIN or Key Missing, 0x06. ಸಂಪರ್ಕ ಕಡಿಯುತ್ತೆ. ಮತ್ತೆ ಗುಂಡಿ ಒತ್ತಿದರೆ ಮತ್ತೆ ಅದೇ.

ಎಲ್ಲ ಬಿಡಿಸಿಕೊಂಡದ್ದು ಈ ಒಂದು ಸಾಲಿನಲ್ಲಿ. ಮೊದಲ ಸಲ ಪೇರ್ ಆದಾಗ ಎರಡೂ ಕಡೆ ಸೇರಿ ಒಂದು ದೀರ್ಘಾವಧಿ ಕೀ ತಯಾರಿಸಿ, ಎರಡೂ ತಮ್ಮ ತಮ್ಮ ಮೆಮೊರಿಯಲ್ಲಿ ಬರೆದಿಟ್ಟುಕೊಳ್ಳುತ್ತವೆ. ಮುಂದೆ ಪ್ರತಿ ಸಲ ಗುಂಡಿ ಒತ್ತಿ ರಿಮೋಟ್ ಎಚ್ಚರವಾದಾಗ ಪೇರಿಂಗ್ ನಡೆಯುವುದಿಲ್ಲ, ಆ ಇಟ್ಟ ಕೀಯಿಂದಲೇ ಎನ್‌ಕ್ರಿಪ್ಶನ್ ಶುರುವಾಗುತ್ತೆ. ಬ್ಯಾಟರಿ ತೆಗೆದರೂ ಕೀ ಹೋಗುವುದಿಲ್ಲ. ನನ್ನ ಟಿವಿಯ ಬಳಿ ಕೀ ಇತ್ತು, ರಿಮೋಟಿನ ಬಳಿ ಇರಲಿಲ್ಲ. ಟಿವಿ ತಾನಾಗಿ ಹಳೆಯದನ್ನು ಅಳಿಸಿ ಹೊಸದಾಗಿ ಪೇರ್ ಮಾಡಿಕೊಳ್ಳಬಾರದೇ ಎಂದು ಕೇಳಬಹುದು. ಮಾಡಿಕೊಳ್ಳಬಾರದು, ಅದು ಸರಿಯಾಗಿಯೇ ಇದೆ. ರಿಮೋಟಿಗೆ ಪರದೆ ಇಲ್ಲದ ಕಾರಣ ಇಲ್ಲಿ ಪೇರಿಂಗ್‌ಗೆ ಸಂಖ್ಯೆ ಹೊಂದಿಸುವ ಕೆಲಸವಿಲ್ಲ. ಕೀ ಕಳೆದಿದೆ ಎಂದ ಕೂಡಲೇ ಟಿವಿ ಹೊಸ ಕೀ ಕೊಡುವಂತಿದ್ದರೆ, ಅದೇ ವಿಳಾಸ ಹಾಕಿಕೊಂಡ ಬೇರೆ ಯಾವ ಸಾಧನ ಬೇಕಾದರೂ ಬಂದು ಒಳಗೆ ಕೂರಬಹುದು.

ರಿಮೋಟಿನ ಕೀ ಹೋದದ್ದು ಹೇಗೆ? ಬಾಕ್ಸಿನಲ್ಲಿ ಬಂದ ಚೀಟಿಯಿಂದ. "ರಿಮೋಟ್ ಸ್ಪಂದಿಸದಿದ್ದರೆ ಹೋಮ್ ಮತ್ತು ಬ್ಯಾಕ್ ಒಟ್ಟಿಗೆ ಒತ್ತಿ ಹಿಡಿಯಿರಿ" ಎಂದು ಅದರಲ್ಲಿದೆ. ಟಿವಿ ಅಪ್‌ಡೇಟ್ ಹಾಕಿಕೊಳ್ಳುತ್ತಾ ನಿಧಾನವಾಗಿದ್ದ ಹೊತ್ತಿನಲ್ಲಿ ನನ್ನ ತಮ್ಮ ಆ ಚೀಟಿ ಓದಿ ಹಾಗೇ ಮಾಡಿದ. ಅವನದೇನೂ ತಪ್ಪಿಲ್ಲ, ಬರೆದದ್ದನ್ನು ಮಾಡಿದ. ಆ ಒತ್ತುವಿಕೆ ರಿಮೋಟಿನ ಕಡೆಯ ಕೀಯನ್ನು ಮಾತ್ರ ಅಳಿಸುತ್ತೆ. ಟಿವಿಯಲ್ಲೂ ಹಳೆಯ ಹೆಸರನ್ನು ತೆಗೆಯಿರಿ ಎಂಬ ಇನ್ನೊಂದು ಸಾಲನ್ನು ಮಾರಿದವರು ಅಚ್ಚು ಹಾಕಿಲ್ಲ. ನಾಲ್ಕು ಬಣ್ಣದಲ್ಲಿ ಲೋಗೋ ಮುದ್ರಿಸಲು ಜಾಗವಿತ್ತು, ಈ ಸಾಲಿಗೆ ಇರಲಿಲ್ಲ.

ಪರಿಹಾರದಲ್ಲಿ ಕ್ರಮ ಮುಖ್ಯ. ಮೊದಲು ಟಿವಿಯಲ್ಲಿ ಹಳೆಯ ನಮೂದನ್ನು Forget ಮಾಡಬೇಕು. ನಂತರ Add accessory ಪರದೆ ತೆರೆದಿಡಬೇಕು. ಅದು ಹುಡುಕುತ್ತಿರುವಾಗಲೇ ರಿಮೋಟಿನಲ್ಲಿ ಎಲ್‌ಇಡಿ ಮಿನುಗುವವರೆಗೆ ಹೋಮ್ ಮತ್ತು ಬ್ಯಾಕ್ ಹಿಡಿಯಬೇಕು. ಮೊದಲೇ ಹಿಡಿದರೆ ನೀವು ಮೆನು ದಾಟಿ ಆ ಪರದೆಗೆ ಹೋಗುವಷ್ಟರಲ್ಲಿ ರಿಮೋಟ್ ಕೂಗುವುದನ್ನು ನಿಲ್ಲಿಸಿ ಮಲಗಿರುತ್ತೆ.

ಆದರೆ ಮೆನುವಿನಲ್ಲಿ ಓಡಾಡಲು ರಿಮೋಟೇ ಇಲ್ಲವಲ್ಲ! ನನ್ನ ಟಿವಿಯಲ್ಲಿ ಎಡಿಬಿ ಅನುಮತಿ ಮೊದಲೇ ಕೊಟ್ಟಿದ್ದರಿಂದ ಲ್ಯಾಪ್‌ಟಾಪಿನಿಂದಲೇ ನಡೆಸಿದೆ. 19 ಮೇಲೆ, 20 ಕೆಳಗೆ, 21 ಎಡ, 22 ಬಲ, 23 ಓಕೆ, 4 ಹಿಂದೆ.

```
adb shell am start -a android.settings.SETTINGS
adb shell input keyevent 20
adb shell input keyevent 23
```

ಎಡಿಬಿ ಇಲ್ಲದಿದ್ದರೆ ಟಿವಿಯ ಯುಎಸ್‌ಬಿ ಪೋರ್ಟಿಗೆ ಮೌಸ್ ಚುಚ್ಚಿ, ಕರ್ಸರ್ ಬರುತ್ತೆ. ಫೋನ್ ಮತ್ತು ಟಿವಿ ಒಂದೇ ವೈಫೈನಲ್ಲಿದ್ದರೆ ಗೂಗಲ್ ಟಿವಿ ಆಪ್‌ನ ರಿಮೋಟ್ ಕೂಡ ಸಾಕು. ಟಿವಿ ಪರದೆಯಲ್ಲಿ ಬರುವ ಕೋಡನ್ನು ಫೋನಿನಲ್ಲಿ ಹಾಕಿದರೆ ಆಯಿತು.

ಈ ಕ್ರಮದಲ್ಲಿ ಮಾಡಿದಾಗ ಹೆಸರು ಕಾಣಿಸಿತು, ಓಕೆ ಕೊಟ್ಟೆ, ಸೇರಿತು. ಲಾಗ್ ಮತ್ತೆ ತೆಗೆದು ನೋಡಿದರೆ `btsmp` ಸಾಲುಗಳು ಬಂದಿವೆ, ಎನ್‌ಕ್ರಿಪ್ಶನ್ ಸ್ಥಿತಿ ಯಶಸ್ವಿ. ಟಿವಿಯನ್ನು ಪ್ಲಗ್ ಕಿತ್ತು ಮತ್ತೆ ಹಾಕಿ ನೋಡಿದೆ. ಗುಂಡಿ ಒತ್ತಿದ ಕೂಡಲೇ ಹಿಡಿಯಿತು.

ಬೇರೆ ಟಿವಿಯವರಿಗೂ ಇದೇ ನಿಯಮ, ಒತ್ತುವ ಗುಂಡಿ ಮಾತ್ರ ಬೇರೆ. ಸ್ಯಾಮ್‌ಸಂಗ್ ಸ್ಮಾರ್ಟ್ ರಿಮೋಟಿಗೆ ರಿಟರ್ನ್ ಮತ್ತು ಪ್ಲೇ/ಪಾಸ್ ಎರಡನ್ನೂ ಟಿವಿಯ ಕಡೆ ತೋರಿಸಿ ಕನಿಷ್ಠ 3 ಸೆಕೆಂಡ್ ಹಿಡಿಯಬೇಕು. ಎಲ್‌ಜಿ ಮ್ಯಾಜಿಕ್ ರಿಮೋಟಿಗೆ ಟಿವಿಯ ಕಡೆ ಹಿಡಿದು ಚಕ್ರವನ್ನು ಒತ್ತಿದರೆ ನೋಂದಣಿ, ಹೋಮ್ ಮತ್ತು ಬ್ಯಾಕ್ 5 ಸೆಕೆಂಡ್ ಹಿಡಿದರೆ ನೋಂದಣಿ ರದ್ದು. ಫೈರ್ ಟಿವಿಗೆ ಹೋಮ್ ಗುಂಡಿ 10 ಸೆಕೆಂಡ್.

ಇನ್ನು ಮೈಕ್ ವಿಚಾರ. ಇದಕ್ಕೂ ಮುಂಚೆ ಬೇರೆಯವರಿಂದ ತರಿಸಿದ ಇನ್ನೊಂದು ಬದಲಿ ರಿಮೋಟ್ ಇದೆ. ಅದರಲ್ಲಿ ಮೈಕಿನ ತೂತು ಇದೆ, ಮೈಕ್ ಗುಂಡಿ ಇದೆ, ಪೇರ್ ಕೂಡ ಆಗುತ್ತೆ. ಗುಂಡಿ ಒತ್ತಿದರೆ ಅಸಿಸ್ಟೆಂಟ್ ಪರದೆ ತೆರೆದು ಸುಮ್ಮನೆ ಕಾಯುತ್ತೆ. ಕಾರಣ nRF Connect ನಲ್ಲಿ ಸಂಪರ್ಕಿಸಿ ಸರ್ವಿಸ್ ಪಟ್ಟಿ ನೋಡಿದಾಗ ತಿಳಿಯಿತು. ಗುಂಡಿಗಳ ಸರ್ವಿಸ್ 0x1812 ಇದೆ, ಬ್ಯಾಟರಿಯದು 0x180F ಇದೆ. ಆಂಡ್ರಾಯ್ಡ್ ಟಿವಿಯ ಧ್ವನಿ ಸರ್ವಿಸ್ ಇಲ್ಲ. ಅದು ಹೀಗೆ ಕಾಣಬೇಕು:

```
AB5E0001-5A21-4F05-BC7D-AF01F617B664
```

ಧ್ವನಿ ಗುಂಡಿಗಳ ದಾರಿಯಲ್ಲಿ ಬರುವುದಿಲ್ಲ. ಮೈಕ್ ಒತ್ತಿದಾಗ ರಿಮೋಟ್ ಟಿವಿಗೆ ಸುದ್ದಿ ಕೊಡುತ್ತೆ, ಮೈಕ್ ತೆರೆ ಎಂದು ಟಿವಿ ಇದೇ ಸರ್ವಿಸ್ ಮೂಲಕ ಹೇಳುತ್ತೆ, ಆಮೇಲೆ ಎಡಿಪಿಸಿಎಂನಲ್ಲಿ ಕುಗ್ಗಿಸಿದ ಧ್ವನಿ ಹರಿಯುತ್ತೆ. ಸರ್ವಿಸ್ಸೇ ಇಲ್ಲದ ರಿಮೋಟನ್ನು ಎಷ್ಟು ಸಲ ಪೇರ್ ಮಾಡಿದರೂ ಅದು ಮಾತು ಕಳಿಸುವುದಿಲ್ಲ. "ವಾಯ್ಸ್ ಸಪೋರ್ಟೆಡ್" ಎಂದು ಬರೆದು ಇದನ್ನು ಮಾರುವುದು ಸರಿಯಲ್ಲ, ವಾಪಸ್ ಕಳಿಸಿದ್ದೇನೆ. ನೀವು ಪರೀಕ್ಷಿಸುವಾಗ ಒಂದು ಎಚ್ಚರ: ಸರ್ವಿಸ್ ಪಟ್ಟಿ ನೋಡಲು ಪೇರಿಂಗ್ ಬೇಕಿಲ್ಲ. ಫೋನ್ ಪೇರ್ ಮಾಡಲೇ ಎಂದು ಕೇಳಿದರೆ ಬೇಡ ಎನ್ನಿ. ಒಪ್ಪಿಕೊಂಡರೆ ಒಂದೇ ಜೋಡಿ ನೆನಪಿಡುವ ರಿಮೋಟ್ ಫೋನಿಗೇ ಅಂಟಿಕೊಂಡು, ಟಿವಿಯನ್ನು ಮರೆಯುತ್ತೆ.

ಈ ಪಟ್ಟಿ ನೋಡುತ್ತಾ ಮುಂದಿನ ಪ್ರಾಜೆಕ್ಟ್ ಹುಟ್ಟಿದೆ: ಇಎಸ್‌ಪಿ32 ಮೇಲೆ ದೊಡ್ಡ ಗುಂಡಿಗಳ ರಿಮೋಟ್, ಅಜ್ಜಿಗೆ. ಬಾಣಗಳು, ಓಕೆ, ಬ್ಯಾಕ್, ಹೋಮ್, ಅಷ್ಟೇ. ಹೋಮ್‌ಗೆ ಕನ್ಸ್ಯೂಮರ್ ಪುಟದ 0x0223, ಬ್ಯಾಕ್‌ಗೆ 0x0224. ಎಸ್2 ಚಿಪ್ ತರಿಸಬೇಡಿ, ಅದರಲ್ಲಿ ಬ್ಲೂಟೂತ್ ಇಲ್ಲ. ಗುಂಡಿಗಳು ಬ್ರೆಡ್‌ಬೋರ್ಡಿನಲ್ಲಿ ಆಗಲೇ ಓಡಾಡುತ್ತಿವೆ, ಧ್ವನಿ ಸರ್ವಿಸ್ ಆಮೇಲೆ. ಅಲ್ಲೂ ಇದೇ 0x06 ಕಾದು ಕೂತಿದೆ. ಸಾಮಾನ್ಯವಾಗಿ ಫ್ಲಾಶ್ ಮಾಡಿದರೆ ಪೇರಿಂಗ್ ಕೀ ಎನ್‌ವಿಎಸ್ ಭಾಗದಲ್ಲಿ ಉಳಿಯುತ್ತೆ, `idf.py erase-flash` ಕೊಟ್ಟರೆ ಅಳಿಸಿ ಹೋಗುತ್ತೆ. ಆ ಕಮಾಂಡ್ ಕೊಟ್ಟ ಪ್ರತಿ ಸಲವೂ ಟಿವಿಯಲ್ಲಿ Forget ಮಾಡಿಯೇ ಮುಂದಕ್ಕೆ ಹೋಗುತ್ತಿದ್ದೇನೆ.