ಅವ್ವನ ಆಸ್ಪತ್ರೆ ಬಿಲ್ಲಿನ ಫೋಟೊದಿಂದ ಖರ್ಚಿನ ಪಟ್ಟಿ: ಕೆಲಸ ಎಲ್ಲಿಗೆ ಬಂತು

ಮೇ 11, ಭಾನುವಾರ

ಕಲಬುರಗಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಅವ್ವ ಜ್ವರಕ್ಕೆಂದು ನಾಲ್ಕು ದಿನ ದಾಖಲಾಗಿದ್ದರು. ಹಣ ನಾವೇ ಕಟ್ಟಿದ್ದರಿಂದ ಈಗ ವಿಮಾ ಕಂಪನಿಯಿಂದ ಮರುಪಾವತಿ ಪಡೆಯಬೇಕಾಗಿದೆ. ಅದಕ್ಕೆ ಅಂತಿಮ ಬಿಲ್ಲಿನೊಂದಿಗೆ ಪ್ರತಿಯೊಂದು ಖರ್ಚನ್ನೂ ಬಿಡಿಬಿಡಿಯಾಗಿ ತೋರಿಸುವ ಪಟ್ಟಿ ಬೇಕು. ಬಿಲ್ಲುಗಳ ಫೋಟೊ ತೆಗೆದು, ಟೆಸ್ಸರಾಕ್ಟ್ ಎಂಬ ಉಚಿತ ತಂತ್ರಾಂಶದಿಂದ ಅಕ್ಷರ ಓದಿಸಿದೆ.

```
tesseract bill2.png out -l eng --psm 6
```

ಇಲ್ಲಿ `--psm 6` ಎಂದರೆ ಇಡೀ ಚಿತ್ರವನ್ನು ಒಂದೇ ಪಠ್ಯಖಂಡವೆಂದು ಭಾವಿಸಿ ಸಾಲುಸಾಲಾಗಿ ಓದು ಎಂದರ್ಥ. ಇದನ್ನು ಕೊಡದಿದ್ದಾಗ ಔಷಧದ ಹೆಸರುಗಳೆಲ್ಲ ಒಂದು ಕಡೆ, ಮೊತ್ತಗಳೆಲ್ಲ ಇನ್ನೊಂದು ಕಡೆ ಬಂದು, ಯಾವುದು ಯಾವುದರ ಬೆಲೆ ಎಂದೇ ತಿಳಿಯುತ್ತಿರಲಿಲ್ಲ. ಓದಿಸುವುದು ಅರ್ಧ ಗಂಟೆಯಲ್ಲಿ ಮುಗಿಯಿತು. ಆದರೆ ಎಲ್ಲಿ ತಪ್ಪಾಗಿ ಓದಿದೆ ಎಂದು ಕಂಡುಹಿಡಿಯುವುದೇ ನಿಜವಾದ ಕೆಲಸ ಎಂಬುದು ಕೂಡಿಸಿ ನೋಡಿದಾಗ ಗೊತ್ತಾಯಿತು.

ಅಂತಿಮ ಬಿಲ್ಲಿನಲ್ಲಿ ಕೋಣೆ ಬಾಡಿಗೆ 8,800, ವೈದ್ಯರ ಭೇಟಿ 4,000, ಶುಶ್ರೂಷೆ 1,600, ರಕ್ತಪರೀಕ್ಷೆಗಳು 7,350, ನೋಂದಣಿ 200 ಮತ್ತು ಔಷಧ 14,212.50 ರೂಪಾಯಿ ಇದ್ದವು, ಕೊನೆಗೆ 1,036.50ರ ಒಂದು ಸಾಲೂ ಇತ್ತು. ಇವೆಲ್ಲವನ್ನು ಕೂಡಿಸಿದರೆ 37,199 ಬರುತ್ತಿತ್ತು, ಆದರೆ ಬಿಲ್ಲಿನಲ್ಲಿ ಮುದ್ರಿತವಾದ ಮೊತ್ತ 35,126. ವ್ಯತ್ಯಾಸ 2,073, ಇದರ ಅರ್ಧ ಸರಿಯಾಗಿ 1,036.50. ಕಳೆಯಬೇಕಾದ ಅಂಕಿಯನ್ನು ಕೂಡಿಸಿದಾಗ ವ್ಯತ್ಯಾಸವು ಅದರ ಎರಡು ಪಟ್ಟಾಗುತ್ತದೆ ಎಂಬುದು ಆಗ ಹೊಳೆಯಿತು. ಫೋಟೊ ಹಿಗ್ಗಿಸಿ ನೋಡಿದರೆ ಆ ಅಂಕಿ ಕಂಸದೊಳಗಿತ್ತು, ತಂತ್ರಾಂಶ ಕಂಸವನ್ನು ಕೈಬಿಟ್ಟಿತ್ತು. ಔಷಧ ಕೌಂಟರಿನ ಹುಡುಗನನ್ನು ಕೇಳಿದಾಗ, "ವಾಪಸ್ ಕೊಟ್ಟ ಔಷಧ ಬ್ರಾಕೆಟ್‌ನಾಗೇ ಬರ್ತದ್ರಿ ಸರ್" ಎಂದ.

ಮೇ 14, ಬುಧವಾರ

ಔಷಧದ ಒಂದೇ ಸಾಲಿನ ಮೊತ್ತ ವಿಮೆಯವರಿಗೆ ಸಾಲದು. ಅದರ ಹಿಂದಿರುವ ಮೂರು ಔಷಧ ಬಿಲ್ಲುಗಳನ್ನೂ ಬಿಡಿಸಬೇಕು. ಎರಡನೆಯ ಬಿಲ್ಲಿನಲ್ಲಿ ನನ್ನ ಮೊತ್ತ 18,295.20ರಷ್ಟು ಹೆಚ್ಚಾಗಿತ್ತು. ದಶಾಂಶದ ಚುಕ್ಕೆ ಬಿಟ್ಟುಹೋದರೆ ಅಂಕಿ ನೂರು ಪಟ್ಟಾಗುತ್ತದೆ, ಅಂದರೆ ವ್ಯತ್ಯಾಸ ನಿಜವಾದ ಅಂಕಿಯ 99 ಪಟ್ಟಾಗುತ್ತದೆ. 99ರಿಂದ ಭಾಗಿಸಿದಾಗ 184.80 ಬಂತು, ಸಲೈನ್ ಬಾಟಲಿಗಳ ಸಾಲು 18480 ಎಂದು ಓದಲ್ಪಟ್ಟಿತ್ತು.

ಒಟ್ಟು ಮೊತ್ತವೊಂದನ್ನೇ ನಂಬಿದರೆ ಎರಡು ತಪ್ಪುಗಳು ಪರಸ್ಪರ ಸರಿತೂಗಿ ಮುಚ್ಚಿಹೋಗಬಹುದೆಂದು, ಪ್ರತಿ ಸಾಲಿಗೂ ಪ್ರಮಾಣವನ್ನು ದರದಿಂದ ಗುಣಿಸಿ ಮೊತ್ತದೊಡನೆ ಹೋಲಿಸಿದೆ. ಆಗ ಸರಿಯಾಗಿ ಓದಿದ ಸಾಲುಗಳೂ ತಪ್ಪೆಂದು ಬಂದವು. ಒಂದು ಬಗೆಯ ಮಾತ್ರೆಯ ದರ 87.50, ಪ್ರಮಾಣ 6, ಮೊತ್ತ 52.50, ಗುಣಿಸಿದರೆ 525. ಕಾರಣವೇನೆಂದರೆ ದರ ಹತ್ತು ಮಾತ್ರೆಯ ಸ್ಟ್ರಿಪ್ಪಿನದು, ಪ್ರಮಾಣ ಬಿಡಿ ಮಾತ್ರೆಗಳದು. ಪ್ಯಾಕ್ ಕಾಲಮ್ಮಿನಲ್ಲಿದ್ದ `10's` ಅನ್ನು ತಂತ್ರಾಂಶ `105` ಎಂದು ಓದಿತ್ತು. ಅದನ್ನು ತಿದ್ದಿ, ಪರೀಕ್ಷೆಯನ್ನು ಹೀಗೆ ಬದಲಿಸಿದೆ:

```
if abs(qty * rate / pack - amount) > 0.05:
    print("ಫೋಟೊ ನೋಡಿ:", line)
```

ಲೆಕ್ಕ ತಪ್ಪಿದ ಸಾಲನ್ನು ಲೆಕ್ಕದಿಂದಲೇ ತುಂಬಿಸುವುದಿಲ್ಲ ಎಂಬ ನಿಯಮವನ್ನು ನಾನು ಬಿಡುವುದಿಲ್ಲ. ಕ್ಲೇಮಿನ ಪಟ್ಟಿಯಲ್ಲಿ ಕಾಗದದ ಮೇಲಿರುವುದು ಮಾತ್ರ ಇರಬೇಕು. ಗುಣಾಕಾರ ನನ್ನನ್ನು ಫೋಟೊದ ಕಡೆಗೆ ಕಳಿಸಬೇಕೇ ಹೊರತು ಅಂಕಿ ಬರೆಯಬಾರದು. ರಕ್ತಪರೀಕ್ಷೆಯ ಬಿಲ್ಲಿನಲ್ಲಿ ದರವೂ ಪ್ರಮಾಣವೂ ಇಲ್ಲದ್ದರಿಂದ ಅಲ್ಲಿನ ಪ್ರತಿ ಅಂಕಿಯನ್ನೂ ಕಣ್ಣಿನಿಂದಲೇ ಹೋಲಿಸಿದೆ.

ಮೇ 18, ಭಾನುವಾರ

ಮೂರನೆಯ ಔಷಧ ಬಿಲ್ಲು ಶಾಖಕ್ಕೆ ಬಣ್ಣ ಬದಲಿಸುವ ಥರ್ಮಲ್ ಕಾಗದದ್ದು. ಈ ಬಿಸಿಲಿನಲ್ಲಿ ಎರಡು ದಿನ ಸ್ಕೂಟರಿನ ಡಿಕ್ಕಿಯಲ್ಲೇ ಉಳಿದು, ಅದರ ಕೆಳಭಾಗ ಬೂದು ಬಣ್ಣಕ್ಕೆ ತಿರುಗಿತ್ತು. ಚಿತ್ರದ ಕಪ್ಪುಬಿಳುಪು ಎಷ್ಟು ಹೊಂದಿಸಿದರೂ ಎರಡು ಸಾಲುಗಳು ಓದಲು ಬರಲಿಲ್ಲ. ಅವುಗಳ ಕೂಡು ಮೊತ್ತ ಲೆಕ್ಕದಿಂದ ತಿಳಿಯುತ್ತದೆ, ಆದರೆ ಯಾವ ಔಷಧಕ್ಕೆ ಎಷ್ಟು ಎಂಬುದು ತಿಳಿಯುವುದಿಲ್ಲ.

ಈ ನಡುವೆ ಪಟ್ಟಿಗೆ ಇನ್ನೊಂದು ಕಾಲಮ್ ಸೇರಿಸಿದೆ. ಪಾಲಿಸಿ ಪುಸ್ತಕದ ಕೊನೆಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರದ ನಾಲ್ಕು ಪಟ್ಟಿಗಳಿವೆ. ಮೊದಲನೆಯದರಲ್ಲಿ ಸಾಮಾನ್ಯವಾಗಿ ಹಣ ಸಿಗದ 68 ವಸ್ತುಗಳಿವೆ. ಉಳಿದ ಮೂರರಲ್ಲಿರುವವು ಕೋಣೆ ಬಾಡಿಗೆ, ಶಸ್ತ್ರಕ್ರಿಯೆ ಅಥವಾ ಚಿಕಿತ್ಸೆಯ ವೆಚ್ಚದಲ್ಲೇ ಸೇರಿರಬೇಕಾದವು. ಅವ್ವನ ಬಿಲ್ಲಿನ ಡೈಪರ್ ಮತ್ತು ಮಾಸ್ಕ್ ಮೊದಲ ಪಟ್ಟಿಗೂ, ನೋಂದಣಿಯ 200 ರೂಪಾಯಿ ಚಿಕಿತ್ಸಾ ವೆಚ್ಚದ ಪಟ್ಟಿಗೂ ಬಿದ್ದವು. ಆ ಸಾಲುಗಳನ್ನು ಅಳಿಸದೆ ಗುರುತು ಮಾತ್ರ ಹಾಕಿದ್ದೇನೆ, ಏಕೆಂದರೆ ಅಳಿಸಿದರೆ ನನ್ನ ಪಟ್ಟಿಯ ಮೊತ್ತ ಬಿಲ್ಲಿನ 35,126ಕ್ಕೆ ತಾಳೆಯಾಗುವುದಿಲ್ಲ. ಕಡಿತ ಮಾಡುವುದು ವಿಮೆಯವರ ಕೆಲಸ.

ಮಸುಕಾದ ಬಿಲ್ಲಿನ ತಲೆಭಾಗದಲ್ಲಿದ್ದ ಬಿಲ್ ಸಂಖ್ಯೆ ಮಾತ್ರ ಸ್ಪಷ್ಟವಾಗಿತ್ತು. ಅದನ್ನು ಹೇಳಿದಾಗ ಔಷಧ ಕೌಂಟರಿನವರು ಎರಡನೆಯ ಪ್ರತಿ ಮುದ್ರಿಸಿ, ಮೊಹರು ಹಾಕಿ ಕೊಟ್ಟರು. ಈ ಸಲ ಅದನ್ನು ಅಲ್ಲಿಯೇ ಜೆರಾಕ್ಸ್ ಮಾಡಿಸಿಕೊಂಡು ಬಂದೆ. ಉಳಿದ ಎರಡು ಸಾಲುಗಳನ್ನು ಇಂದು ರಾತ್ರಿ ತುಂಬಿಸುತ್ತೇನೆ.