ಬ್ಯುರೆಟ್ಟಿನ ಮುಂದೆ ಐವತ್ಮೂರರ ಕಣ್ಣು

ಬಿಎಸ್ಸಿ ಮೊದಲ ವರ್ಷ, ಕೆಮಿಸ್ಟ್ರಿ ಲ್ಯಾಬ್. ಆಕೆಗೆ 53, ಪಕ್ಕದ ಹುಡುಗಿಗೆ 18. ಇಬ್ಬರೂ 10 ಮಿ.ಲೀ. ಸೋಡಿಯಂ ಹೈಡ್ರಾಕ್ಸೈಡಿಗೆ ಬ್ಯುರೆಟ್ಟಿನಿಂದ, ಅಂದರೆ ಅಳತೆಯ ಗೆರೆಗಳಿರುವ ಉದ್ದ ಗಾಜಿನ ಕೊಳವೆಯಿಂದ, ಆಮ್ಲ ಹನಿಸುತ್ತಿದ್ದಾರೆ. ಗುಲಾಬಿ ಬಣ್ಣ ಹೋಗುವ ಹನಿಯನ್ನು ಆಕೆ ಒಮ್ಮೆಯೂ ತಪ್ಪಿಸಲಿಲ್ಲ. ಆದರೂ ಖರ್ಚಾದ ಆಮ್ಲ ಹುಡುಗಿಗೆ ಮೂರು ಸಲವೂ 10.0 ಮಿ.ಲೀ. ಬಂದರೆ ಆಕೆಗೆ 9.7, 9.8, 9.6.

"ಆಂಟಿ, ನೀವು ಮೇಲಿಂದ ನೋಡ್ತಿದೀರಾ."

ತಪ್ಪು ಕನ್ನಡಕದ್ದು. ಬೈಫೋಕಲ್‌ನಲ್ಲಿ ಹತ್ತಿರದ್ದು ಕಾಣುವ ಗಾಜು ಕೆಳಗಿರುತ್ತದೆ. ಸೊನ್ನೆಯ ಗೆರೆ ಕಣ್ಣಿನ ಮಟ್ಟದಲ್ಲೇ ಇತ್ತು, ಗದ್ದ ಎತ್ತಿ ಸರಿಯಾಗಿ ಓದಿದ್ದರು. ಕೊನೆಯ ಓದು ಅದಕ್ಕಿಂತ ಕೆಳಗೆ. ಬಗ್ಗುವ ಬದಲು ನಿಂತಲ್ಲಿಂದಲೇ ಆ ಗಾಜಿನಲ್ಲಿ ಕೆಳಗೆ ನೋಡಿದರು. ಗೆರೆಗಳಿರುವುದು ಕೊಳವೆಯ ಮುಂಭಾಗದಲ್ಲಿ, ದ್ರವದ ತಗ್ಗು ನಡುವೆ. ಓರೆ ನೋಟ ಮೇಲಿನ ಗೆರೆಯನ್ನು ಹಾಯುತ್ತದೆ, ಬ್ಯುರೆಟ್ಟಿನಲ್ಲಿ ಮೇಲಿನದೆಂದರೆ ಕಡಿಮೆ ಅಂಕಿ. ಎರಡೂ ಓದು ಒಂದೇ ಓರೆಯಲ್ಲಿದ್ದರೆ ತಪ್ಪು ಕಳೆದುಹೋಗುತ್ತಿತ್ತು.

ಹುಡುಗಿ ಸ್ಟೂಲ್ ಎಳೆದುಕೊಟ್ಟಳು. ಕೊಳವೆಯ ಹಿಂದೆ ಬಿಳಿ ಕಾಗದ ಹಿಡಿದು, ಸುತ್ತಲೂ ಹೋಗುವ ದೊಡ್ಡ ಗೆರೆಯ ಮುಂದಿನ ಹಿಂದಿನ ಭಾಗ ಒಂದಾಗಿ ಕಾಣುವವರೆಗೆ ತಲೆ ತಗ್ಗಿಸಿ ಎಂದಳು. ನಾಲ್ಕನೆಯದು 10.0. ಐದನೆಯದೂ.

ಬೆಂಚಿನ ಎತ್ತರ ಹದಿನೆಂಟರ ಕಣ್ಣಿಗೆ ಸರಿಹೊಂದಿದ್ದು ಅಂತ ಈಗ ಅನ್ನಿಸ್ತಿದೆ. ಆ ಸ್ಟೂಲ್ ಮೊದಲ ದಿನವೇ ಅಲ್ಲಿರಬೇಕಿತ್ತು.