ಮಳೆ ಎಷ್ಟು ಅನ್ನೋಕ್ಕಿಂತ ಮುಂಚೆ ಬಾಟ್ಲಿ ಎಲ್ಲಿಟ್ಟಿದ್ದೆ ಅಂತ ಕೇಳಿದ ಮೇಷ್ಟ್ರು

ನೆದರ್ಲ್ಯಾಂಡ್ಸಲ್ಲಿ ನನ್ನ ಕೆಲ್ಸ ಏನಂದ್ರೆ ಮಳೆಮಾಪಕಗಳಿಂದ ಬರೋ ಡೇಟಾ ನಂಬೋ ಹಂಗಿದ್ಯಾ ಅಂತ ನೋಡೋದು. ಇವತ್ತು ಸೆಪ್ಟೆಂಬರ್ 5, ಈ ಕೆಲ್ಸಾನ ನಂಗೆ ಮೊದ್ಲು ಕಲಿಸಿದ್ದು ತೀರ್ಥಹಳ್ಳಿ ಕಡೆ ಹೈಸ್ಕೂಲಲ್ಲಿ ಸೈನ್ಸ್ ಹೇಳ್ತಿದ್ದ ನಮ್ಮ ಸರ್, ಅದಕ್ಕೇ ಇದನ್ನ ಬರೀತಿದೀನಿ.

ಎಂಟನೇ ಕ್ಲಾಸು, ಆರಿದ್ರ ಮಳೆ ಜಡಿ ಹಿಡಿದಿತ್ತು. ಪ್ಲಾಸ್ಟಿಕ್ ಬಾಟ್ಲಿ ಕುತ್ತಿಗೆ ಹತ್ರ ಕತ್ತರಿಸಿ, ಆ ತುಂಡನ್ನೇ ತಲೆಕೆಳಗೆ ಮಾಡಿ ಆಲಿಕೆ ಥರ ಒಳಗೆ ಕೂರಿಸ್ಬೇಕು, ತಳ ಉಬ್ಬುತಗ್ಗು ಇರತ್ತಲ್ಲ, ಹಂಗಾಗಿ ನೇರ ಭಾಗ ಶುರುವಾಗೋ ತನಕ ನೀರು ಹಾಕಿ ಅಲ್ಲಿಂದ ಸೊನ್ನೆ ಗೆರೆ. ಬೆಳಿಗ್ಗೆ ಎಂಟೂವರೆಗೆ ಸ್ಕೇಲ್ ಹಿಡಿದು ನೋಡೋದು, ಹವಾಮಾನ ಇಲಾಖೆಯವ್ರೂ ಆ ಟೈಮಿಗೇ ನೋಡ್ತಾರೆ ಅಂದಿದ್ರು.

ಮಾರನೇ ದಿನ ಒಬ್ಳು 62 ಮಿಲಿಮೀಟರ್ ಅಂದ್ಲು, ಇನ್ನೊಬ್ಬ 31, ಮತ್ತೊಬ್ಬಂದು ಬಾಟ್ಲಿ ತುಂಬಿ ಹರಿದಿತ್ತು. ಎಲ್ರೂ ನಗ್ತಿದ್ವಿ. ಸರ್ ಯಾರಿಗೂ ತಪ್ಪು ಅನ್ಲಿಲ್ಲ, ಎಲ್ಲಾ ಅಂಕಿ ಬೋರ್ಡ್ ಮೇಲೆ ಬರೆದು ಪಕ್ಕದಲ್ಲಿ ಇನ್ನೊಂದು ಸಾಲು ಎಳೆದ್ರು, "ಎಲ್ಲಿಟ್ಟಿದ್ಯೋ?" 31ರವ್ನು ಅಡಿಕೆ ತೋಟದೊಳಗೆ ಇಟ್ಟಿದ್ದ, ಅಲ್ಲಿ ಸುಮಾರು ನೀರು ಸೋಗೇಲೇ ನಿಂತು, ಇನ್ನಷ್ಟು ಮರದ ಮೈ ಹಿಡಿದು ಇಳಿದು ಹೋಗತ್ತೆ. ಉಕ್ಕಿದ್ದು ಸೂರಿನ ಕೆಳಗಿತ್ತು, ಅಂದ್ರೆ ಅದು ಅಳೆದಿದ್ದು ಮಳೆನಲ್ಲ, ಮಾಡಿನ ನೀರು. ಆಮೇಲೆ ಲೆಕ್ಕ ಹೇಳಿದ್ರು: ಪಕ್ಕದಲ್ಲಿರೋದು ಎಷ್ಟು ಎತ್ತರವೋ ಅದರ ಎರಡರಷ್ಟಾದ್ರೂ ದೂರ ಇಡಿ, 5 ಮೀಟರ್ ಮನೆ ಆದ್ರೆ 10 ಮೀಟರ್ ಆಚೆ.

ಆಗುಂಬೇಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ, ಇಲ್ಲಿ 800-900 ಅಷ್ಟೇ (ಇದಕ್ಕೇ ಇವ್ರು ಮಳೆ ಮಳೆ ಅಂತ ಗೊಣಗ್ತಾರೆ!). ಆದ್ರೆ ಸಮಸ್ಯೆ ಅದೇ. ಹೋದ ವರ್ಷ ಒಂದು ಸ್ಟೇಷನ್ ಅಕ್ಕಪಕ್ಕದವಕ್ಕಿಂತ ಸತತವಾಗಿ ಕಡಿಮೆ ತೋರಿಸ್ತಿತ್ತು. ಅಲ್ಲಿನ ಮಳೆಮಾಪಕದ ಒಳಗಿರೋದು ಪುಟ್ಟ ತಕ್ಕಡಿ ಥರದ್ದು, 0.2 ಮಿಲಿಮೀಟರ್ ತುಂಬಿದ್ರೆ ವಾಲಿ ಒಂದು ಎಣಿಕೆ ಕೊಡತ್ತೆ. ಜೋರು ಮಳೇಲಿ ಅದು ವಾಲೋ ಹೊತ್ತಿಗೆ ಸ್ವಲ್ಪ ನೀರು ಲೆಕ್ಕ ತಪ್ಪತ್ತೆ, ಆದ್ರೆ ಇಲ್ಲಿ ಸಣ್ಣ ಮಳೇಲೂ ಕಡಿಮೆ ಇತ್ತು. ಆಲಿಕೇಲಿ ಎಲೆ ಕಟ್ಕೊಂಡಿದ್ರೆ ಮಳೆ ನಿಂತ್ಮೇಲೂ ಗಂಟೆಗಟ್ಲೆ ನಿಧಾನಕ್ಕೆ ಎಣಿಕೆ ಬರ್ತಾ ಇರತ್ತೆ, ಅದೂ ಇರ್ಲಿಲ್ಲ. ಕೊನೆಗೆ ಗಾಳಿ ದಿಕ್ಕಿನ ಪ್ರಕಾರ ದಿನಗಳನ್ನ ಬೇರೆ ಮಾಡಿ ನೋಡಿದ್ರೆ ಕೊರತೆ ಬರ್ತಿದ್ದಿದ್ದು ನೈಋತ್ಯದಿಂದ ಗಾಳಿ ಬೀಸಿದಾಗ ಮಾತ್ರ. ಫೋಟೋ ತರಿಸಿದ್ವಿ, ಆ ಕಡೆ ಯಾರೋ ನೆಟ್ಟಿದ್ದ ಮರದ ಸಾಲು ಬೆಳೆದು ನಿಂತಿದೆ.

ಮಾಪಕ ಜಾಗ ಬದಲಾಯ್ಸಿದ್ವಿ. ಹಳೇ ಅಂಕಿನ ಒಂದೇ ಸಂಖ್ಯೆಯಿಂದ ಗುಣಿಸಿ ಸರಿ ಮಾಡೋಣ ಅಂತ ಒಬ್ರು ಅಂದ್ರು, ಆಗಲ್ಲ ಅಂದೆ, ಗಾಳಿಗೊಂದು ಥರ ಕೊರತೆ, ಮರ ಬೆಳೆದಂಗೆಲ್ಲ ಇನ್ನೊಂದು ಥರ. ಅಳಿಸ್ದೆ ಪಕ್ಕದಲ್ಲಿ "ಮರದ ಅಡ್ಡಿ" ಅಂತ ಗುರುತು ಹಾಕಿಟ್ವಿ.

ಥ್ಯಾಂಕ್ಸ್ ಸರ್. ಡಿಸೆಂಬರಲ್ಲಿ ಬರ್ತೀನಿ, ಸ್ಕೂಲಿಗೆ ಒಂದು ಒಳ್ಳೆ ಮಳೆಮಾಪಕ ಕೊಡಿಸ್ಬೇಕು ಅಂತಿದೆ, ಜಾಗ ನೀವೇ ನೋಡಿಡಿ.